ವಿಷಯ: ಸಿಎಂಎಂ ಇನ್‌ಸ್ಪೆಕ್ಟರ್ ಹುದ್ದೆ, ಹೊನಗಾ – ಜುಲೈ 2ರಂದು ಕಳಿಸಿದ ನನ್ನ ಪ್ರೊಫೈಲ್ ಬಗ್ಗೆ

ಮೇಡಂ, ನಮಸ್ಕಾರ.

ನಾನು ಬಸವರಾಜ, ಬೆಳಗಾವಿ ಉದ್ಯಮಬಾಗದವನು. ಹೊನಗಾದ ಮಷಿನಿಂಗ್ ಕಂಪನಿಗೆ ಸಿಎಂಎಂ ಇನ್‌ಸ್ಪೆಕ್ಟರ್ ಬೇಕು ಎಂದು ನೀವು ಫೋನ್ ಮಾಡಿದ್ದಿರಿ. ಜುಲೈ 2ರಂದು ನನ್ನ ರೆಸ್ಯೂಮೆ ಅವರಿಗೆ ಹೋಯಿತು. 9ರಂದು ಅವರ ಕ್ವಾಲಿಟಿ ಸಾಹೇಬರು ಫೋನಿನಲ್ಲೇ ಅರ್ಧ ತಾಸು ಟೆಕ್ನಿಕಲ್ ರೌಂಡ್ ಮಾಡಿ, ವಾರದೊಳಗೆ ತಿಳಿಸುತ್ತೇವೆ ಎಂದರು. ಇವತ್ತು 24. ನಡುವೆ ನಿಮಗೆ ಎರಡು ಸಲ ವಾಟ್ಸಾಪ್ ಮಾಡಿದೆ. ಎರಡೂ ಸಲ ‘ಫೀಡ್‌ಬ್ಯಾಕ್ ಪೆಂಡಿಂಗ್’ ಎಂದಷ್ಟೇ ಬಂತು. ಅವರು ಹೇಳದೆ ನೀವಾದರೂ ಏನು ಹೇಳುತ್ತೀರಿ, ಅದು ನನಗೂ ಗೊತ್ತು. ಆದರೂ ಒಮ್ಮೆ ಅವರಿಗೆ ಫೋನ್ ಮಾಡಿ ಕೇಳುತ್ತೀರಾ? ಪ್ರೊಫೈಲ್ ಇನ್ನೂ ನೋಡುತ್ತಿದ್ದಾರೋ, ಬೇಡ ಎಂದರೋ, ಹುದ್ದೆಯನ್ನೇ ತಡೆಹಿಡಿದರೋ?

ಬೇಡ ಎಂದಿದ್ದರೆ ಕಾರಣ ಏನು ಅಂತ ಅವರ ಮಾತಿನಲ್ಲೇ ತಿಳಿಸಿ, ಬೇಜಾರಿಲ್ಲ. ನನಗೆ ಒಂದು ಅನುಮಾನವಿದೆ. ಹೋಲ್ 10.00ರಿಂದ 10.20, ಎಂಎಂಸಿಯಲ್ಲಿ ಪೊಸಿಷನ್ 0.10, ಹೋಲ್ 10.12 ಬಂದರೆ ಒಟ್ಟು ಎಷ್ಟು ಟಾಲರೆನ್ಸ್ ಸಿಗುತ್ತದೆ ಎಂದು ಕೇಳಿದ್ದರು. ನಾನು ಗಡಿಬಿಡಿಯಲ್ಲಿ 10.20ರಿಂದ ಲೆಕ್ಕ ಹಾಕಿ 0.18 ಎಂದೆ. ಹೋಲಿಗೆ ಎಂಎಂಸಿ ಎಂದರೆ ಚಿಕ್ಕ ಅಳತೆ, 10.00. ಬೋನಸ್ 0.12, ಒಟ್ಟು 0.22. ಫೋನ್ ಇಟ್ಟ ಐದು ನಿಮಿಷಕ್ಕೇ ಹೊಳೆಯಿತು, ಏನು ಉಪಯೋಗ! ದಿನಾ ಮಾಡುವ ಕೆಲಸ ಇದು. ಅದೊಂದಕ್ಕೇ ನಿಂತಿದ್ದರೆ, ಅವರ ಸಿಎಂಎಂ ಮೇಲೇ ಒಂದು ಪಾರ್ಟ್ ಅಳೆದು ತೋರಿಸಲು ನಾನು ಯಾವಾಗ ಬೇಕಾದರೂ ಬರುತ್ತೇನೆ ಎಂದು ಹೇಳಿ.

ಇನ್ನೊಂದು ವಿಷಯ. ಅವರಿಗೆ ಹೋದ ಫಾರ್ಮಿನ ಕಾಪಿಯಲ್ಲಿ ನನ್ನ ನೋಟಿಸ್ ಪಿರಿಯಡ್ 60 ದಿನ ಎಂದಿದೆ. ನನ್ನದು 30 ದಿನ. ನಾನೇ ತಪ್ಪು ತುಂಬಿದೆನೋ, ಟೈಪ್ ಮಾಡುವಾಗ ಆಯಿತೋ ಗೊತ್ತಿಲ್ಲ, ಅದು ಬಿಡಿ. ಅವರಿಗೆ ಬೇಗ ಸೇರುವವರು ಬೇಕು ಎಂದು ನೀವೇ ಹೇಳಿದ್ದಿರಿ, ಅಲ್ವಾ? ದಯವಿಟ್ಟು ಇದನ್ನು ಇವತ್ತೇ ತಿದ್ದಿ ಕಳಿಸಿ. ಈಗಿನ ಕಂಪನಿಯ ಆಫರ್ ಲೆಟರ್ ಕಾಪಿಯಲ್ಲಿ 30 ದಿನ ಎಂದು ಬರೆದ ಪುಟ ಜೊತೆಗಿಟ್ಟಿದ್ದೇನೆ.

ಮೊನ್ನೆ ಬೇರೆ ಕನ್ಸಲ್ಟೆನ್ಸಿಯವರು ಇದೇ ಹುದ್ದೆಗೆ ರೆಸ್ಯೂಮೆ ಕೇಳಿದರು. ನಿಮ್ಮ ಮೂಲಕ ಹೋಗಿದೆ ಎಂದು ಬೇಡ ಅಂದೆ. ಒಂದೇ ಹೆಸರು ಎರಡು ಕಡೆಯಿಂದ ಹೋದರೆ ಸುಮ್ನೆ ಎಲ್ಲರಿಗೂ ತ್ರಾಸು.

ಈಗಿನ ಕಂಪನಿಯಲ್ಲಿ ಆಗಸ್ಟ್ 1ರಿಂದ ಶಿಫ್ಟ್ ಇನ್‌ಚಾರ್ಜ್ ಆಗುತ್ತೀಯಾ ಎಂದು ಕೇಳಿದ್ದಾರೆ. ಹೂಂ ಎಂದು ಎರಡೇ ವಾರಕ್ಕೆ ರಾಜೀನಾಮೆ ಕೊಡುವುದು ನನಗೆ ಸರಿ ಅನಿಸುವುದಿಲ್ಲ. ಅದಕ್ಕೆ 29ರೊಳಗೆ ನಿಮ್ಮಿಂದ ಏನಾದರೂ ತಿಳಿದರೆ ಒಳ್ಳೆಯದು. ಅವರು ಇನ್ನೂ ನಿರ್ಧರಿಸಿಲ್ಲ ಎಂದರೆ ಅದನ್ನೇ ಹೇಳಿ.

ಈ ವಾರ ಫಸ್ಟ್ ಶಿಫ್ಟ್. ಸಿಎಂಎಂ ರೂಮಿನೊಳಗೆ ಮೊಬೈಲ್ ಬಿಡುವುದಿಲ್ಲ, ಮಧ್ಯಾಹ್ನ ಮೂರರ ಮೇಲೆ ಫೋನ್ ಮಾಡಿದರೆ ಸಿಗುತ್ತೇನೆ.

ಇಂತಿ,
ಬಸವರಾಜ
ಉದ್ಯಮಬಾಗ, ಬೆಳಗಾವಿ