ಪೀಣ್ಯ ಪಕ್ಕದ ವಠಾರಗಳ ಆರೋಗ್ಯ ಮೌಲ್ಯಮಾಪನ: ಯೋಜನಾ ಟಿಪ್ಪಣಿ

ಇವರಿಗೆ: ವೈದ್ಯಾಧಿಕಾರಿಗಳು, ನಗರ ಪ್ರಾಥಮಿಕ ಆರೋಗ್ಯ ಕೇಂದ್ರ
ಇವರಿಂದ: ಸಮುದಾಯ ಆರೋಗ್ಯ ವಿಭಾಗ, ನರ್ಸಿಂಗ್ ಕಾಲೇಜು
ಅವಧಿ: ಆರು ವಾರ

ಏಕೆ, ಯಾರಿಗಾಗಿ

ಈ ವಾರ್ಡಿನಲ್ಲಿ ಹಿಂದೆ ನಡೆದ ಸಮೀಕ್ಷೆಗಳೆಲ್ಲ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ನಡುವೆ ನಡೆದವು. ಆ ಹೊತ್ತಿನಲ್ಲಿ ಮನೆಯಲ್ಲಿ ಸಿಗುವವರು ವಯಸ್ಸಾದವರು, ಬಾಣಂತಿಯರು ಮತ್ತು ಸಣ್ಣ ಮಕ್ಕಳು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಲೇತ್ ಯಂತ್ರದ ಮುಂದೆ ನಿಲ್ಲುವ ಗಂಡಸರು ಎಂಟೂವರೆಗೆಲ್ಲ ಬೀಗ ಹಾಕಿರುತ್ತಾರೆ. ಬೀಗ ಹಾಕಿದ ಮನೆಯನ್ನು ಬಿಟ್ಟು ಪಕ್ಕದ ಮನೆಗೆ ಹೋಗುವ ಅಭ್ಯಾಸದಿಂದ, ದುಡಿಯುವವರೇ ಲೆಕ್ಕಕ್ಕೆ ಸಿಗದೆ ಹೋಗಿದ್ದಾರೆ. ಆದ್ದರಿಂದ ಈ ಬಾರಿ ಮನೆಭೇಟಿ ಭಾನುವಾರ ಬೆಳಿಗ್ಗೆ ಮತ್ತು ಉಳಿದ ದಿನ ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ. ಬೀಗವಿದ್ದರೆ ಮೂರು ಬಾರಿ ಹೋಗಬೇಕು. ಪಕ್ಕದ ಮನೆಯನ್ನು ಬದಲಿಯಾಗಿ ಹಿಡಿಯುವಂತಿಲ್ಲ.

ಮಾದರಿ

ವಯಸ್ಕರಲ್ಲಿ ಶೇ 30ರಷ್ಟು ಜನರಿಗೆ ರಕ್ತದೊತ್ತಡ ಇರಬಹುದೆಂದು ಅಂದಾಜಿಸಿ, ಶೇ 5ರ ವ್ಯತ್ಯಾಸಕ್ಕೆ ಅವಕಾಶ ಕೊಟ್ಟು n = 4pq/d² ಸೂತ್ರ ಹಾಕಿದರೆ 336 ಮಂದಿ ಬೇಕು. ಹತ್ತರಲ್ಲಿ ಒಬ್ಬರು ಒಪ್ಪದೇ ಇರಬಹುದು. ಆದ್ದರಿಂದ 374 ಮನೆ, ಮನೆಗೊಬ್ಬ ವಯಸ್ಕ. ಯಾರೆಂಬುದನ್ನು ಮನೆಯವರ ಪಟ್ಟಿಯಿಂದ ಚೀಟಿ ಎತ್ತಿ ತೀರ್ಮಾನಿಸುತ್ತೇವೆ.

ಮನೆ ಎಂದರೇನು ಎಂಬುದೇ ಇಲ್ಲಿ ತಕರಾರು. ಒಂದೇ ಬಾಗಿಲು ಸಂಖ್ಯೆಯ ಒಳಗೆ, ಕಿರಿದಾದ ಓಣಿಯ ಎರಡೂ ಬದಿಗೆ ಎಂಟು ಕೋಣೆ, ಎಂಟು ಗ್ಯಾಸ್ ಒಲೆ, ಕೊನೆಯಲ್ಲಿ ಎರಡು ಕಕ್ಕಸು. ಬಾಗಿಲು ಎಣಿಸಿದರೆ ಒಂದು ಕುಟುಂಬ, ಒಲೆ ಎಣಿಸಿದರೆ ಎಂಟು. ನಾವು ಒಲೆ ಎಣಿಸುತ್ತೇವೆ. ಮೊದಲ ವಾರ ಆಶಾ ಕಾರ್ಯಕರ್ತೆಯರ ಜೊತೆ ನಡೆದು ಒಲೆಪಟ್ಟಿ ಮತ್ತು ನಕ್ಷೆ ತಯಾರಿಸಿ, ಐದಕ್ಕೊಂದರಂತೆ ಆರಿಸುತ್ತೇವೆ.

ಮಾಹಿತಿ ಸಂಗ್ರಹದ ಸಾಧನಗಳು

ಮನೆ ಪ್ರಶ್ನಾವಳಿ 20 ನಿಮಿಷ ಮೀರಬಾರದು. ಕನ್ನಡದ ಜೊತೆಗೆ ತಮಿಳು, ತೆಲುಗು, ಹಿಂದಿ ಬಲ್ಲ ವಿದ್ಯಾರ್ಥಿಗಳು ಪ್ರತಿ ತಂಡದಲ್ಲಿರುತ್ತಾರೆ. ಕೆಲವು ಪ್ರಶ್ನೆಗಳು:

- ಕುಡಿಯುವ ನೀರು ಎಲ್ಲಿಂದ: ಕಾವೇರಿ, ಬೋರ್‌ವೆಲ್, ಟ್ಯಾಂಕರ್, ಕ್ಯಾನ್? ಎಷ್ಟು ದಿನಕ್ಕೊಮ್ಮೆ ಬರುತ್ತದೆ?
- ನೀರು ತುಂಬಿಟ್ಟ ಡ್ರಮ್ಮನ್ನು ಬರಿದು ಮಾಡಿ ಉಜ್ಜಿದ್ದು ಯಾವಾಗ?
- ಬಿಪಿ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ಕಳೆದ ವಾರ ಎಷ್ಟು ದಿನ ತಪ್ಪಿತು? ಏಕೆ?
- ಕೆಲಸದ ಹೊತ್ತಿನಲ್ಲಿ ನೀರು ಕುಡಿಯಲು, ಶೌಚಕ್ಕೆ ಹೋಗಲು ಅಡ್ಡಿಯಿದೆಯೇ?

ಕೊನೆಯದನ್ನು ಹೆಣ್ಣುಮಕ್ಕಳು ಗಂಡಸರ ಎದುರು ಹೇಳುವುದಿಲ್ಲ. ವಿದ್ಯಾರ್ಥಿನಿಯರೇ, ಪ್ರತ್ಯೇಕವಾಗಿ ಕೇಳಬೇಕು.

ಅಳತೆಗಳು: ಐದು ನಿಮಿಷ ಕೂರಿಸಿದ ಮೇಲೆ ಎರಡು ಬಾರಿ ರಕ್ತದೊತ್ತಡ (140/90 ಅಥವಾ ಹೆಚ್ಚಿದ್ದರೆ ಗುರುತು), ಬೆರಳಿನ ರಕ್ತದಿಂದ ಸಕ್ಕರೆ ಮತ್ತು ಹಿಮೋಗ್ಲೋಬಿನ್ (ಗರ್ಭಿಣಿಯರಿಗೆ 11, ಇತರ ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ). ಆರು ತಿಂಗಳಿಂದ ಐದು ವರ್ಷದ ಮಕ್ಕಳ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. ಫಲಿತಾಂಶದ ಚೀಟಿಯನ್ನು ಅಲ್ಲಿಯೇ ಕೈಗೆ ಕೊಡಬೇಕು. 180/110 ದಾಟಿದವರನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಸಂಜೆಯ ಪಾಳಿಗೆ ಒಬ್ಬ ಅಧ್ಯಾಪಕರು ಮತ್ತು ಒಂದು ವಾಹನ ಇರುತ್ತದೆ.

ವೀಕ್ಷಣಾ ಪಟ್ಟಿಯಲ್ಲಿ ಡ್ರಮ್, ಸಂಪು, ಟೈರು, ಫ್ರಿಜ್ ಹಿಂದಿನ ತಟ್ಟೆ ಇರುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಯಲ್ಲಲ್ಲ, ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ಟಾರ್ಚ್ ಹಿಡಿದು ನೋಡಿ, ನೂರು ಮನೆಗೆ ಎಷ್ಟು ಮನೆಯಲ್ಲಿ ಮರಿಹುಳು ಸಿಕ್ಕಿತೆಂದು ಲೆಕ್ಕ ಹಾಕುತ್ತೇವೆ.

ಇವಲ್ಲದೆ ಅಂಗನವಾಡಿ ಕಾರ್ಯಕರ್ತೆ, ನೀರು ಬಿಡುವ ವಾಲ್ವ್‌ಮನ್, ಪೌರಕಾರ್ಮಿಕರು, ಔಷಧಿ ಅಂಗಡಿಯವರ ಸಂದರ್ಶನ. ಯಾವ ಮಾತ್ರೆ ಚೀಟಿಯಿಲ್ಲದೆ ಹೆಚ್ಚು ಹೋಗುತ್ತದೆಂದು ಅಂಗಡಿಯವರಷ್ಟು ಬಲ್ಲವರಿಲ್ಲ.

ಆದ್ಯತೆಯ ಸಮಸ್ಯೆಗಳು (ತಾತ್ಕಾಲಿಕ)

ಕೇಂದ್ರದ ರಿಜಿಸ್ಟರುಗಳು ಮತ್ತು ಪ್ರಾಥಮಿಕ ಸುತ್ತಾಟದ ಆಧಾರದ ಮೇಲೆ ಹ್ಯಾನ್ಲನ್ ವಿಧಾನದಲ್ಲಿ, (A + 2B) × C ಎಂಬಂತೆ, ಅಂಕ ಹಾಕಿದ್ದೇವೆ. A ವ್ಯಾಪ್ತಿ, B ತೀವ್ರತೆ, C ಪರಿಹಾರ ಫಲಿಸುವ ಸಾಧ್ಯತೆ. ಪ್ರತಿಯೊಂದಕ್ಕೂ ಗರಿಷ್ಠ 10.

1. ನೀರು ಶೇಖರಣೆ ಮತ್ತು ಡೆಂಗಿ: (7 + 16) × 8 = 184
2. ದುಡಿಯುವ ಹೆಂಗಸರ ರಕ್ತಹೀನತೆ: (8 + 12) × 7 = 140
3. ಹತೋಟಿಯಲ್ಲಿಲ್ಲದ ಬಿಪಿ, ಸಕ್ಕರೆ ಕಾಯಿಲೆ: (7 + 16) × 6 = 138
4. ಬೀದಿ ಮೂಲೆಯ ಕಸದ ರಾಶಿ: (6 + 6) × 4 = 48

ಎರಡು, ಮೂರರ ನಡುವಿನ ಎರಡು ಅಂಕದ ಅಂತರಕ್ಕೆ ಅರ್ಥವಿಲ್ಲ. ಎರಡನ್ನೂ ಜೊತೆಗೇ ಕೈಗೆತ್ತಿಕೊಳ್ಳಬೇಕು. ನಾಲ್ಕನೆಯದರ ಕಥೆ ಬೇರೆ. ನಿವಾಸಿಗಳನ್ನು ಕೇಳಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಕಸವೇ. ಅದನ್ನು ಕೊನೆಗೆ ತಳ್ಳಿ ಡ್ರಮ್ಮಿನೊಳಗೆ ಟಾರ್ಚ್ ಬಿಡಲು ಹೋದರೆ ಯಾರೂ ಬಾಗಿಲು ತೆರೆಯುವುದಿಲ್ಲ. ಅಂಕ ಏನೇ ಹೇಳಲಿ, ಕಸದ ದೂರನ್ನು ಪಾಲಿಕೆಯ ಆರೋಗ್ಯ ಪರಿವೀಕ್ಷಕರಿಗೆ ಮೊದಲ ವಾರವೇ ಒಪ್ಪಿಸಬೇಕೆಂಬುದು ನಮ್ಮ ನಿಲುವು.

ವೇಳಾಪಟ್ಟಿ ಮತ್ತು ಕೋರಿಕೆ

ಒಂದನೇ ವಾರ ಪಟ್ಟಿ, ನಕ್ಷೆ. ಎರಡನೇ ವಾರ ಪಕ್ಕದ ಬೀದಿಯಲ್ಲಿ ಪ್ರಶ್ನಾವಳಿಯ ಪರೀಕ್ಷೆ. ಮೂರರಿಂದ ಐದು ಮನೆಭೇಟಿ. ಆರನೇ ವಾರ ವಿಶ್ಲೇಷಣೆ ಮತ್ತು ಭಾನುವಾರ ಅಂಗನವಾಡಿಯಲ್ಲಿ ನಿವಾಸಿಗಳ ಸಭೆ. ಅಲ್ಲಿ ಅಂಕಗಳನ್ನು ಅವರ ಮುಂದಿಟ್ಟು ಮರುಹೊಂದಿಸುತ್ತೇವೆ. ನಮೂನೆಯಲ್ಲಿ ಹೆಸರಿರುವುದಿಲ್ಲ, ಸಂಕೇತ ಸಂಖ್ಯೆ ಮಾತ್ರ.

ಗುರುತಿಸಿದ ರೋಗಿಗಳು ಕೂಲಿ ಕಳೆದುಕೊಳ್ಳದೆ ಬರುವಂತೆ, ಸಮೀಕ್ಷೆ ನಡೆಯುವಷ್ಟು ಕಾಲವಾದರೂ ವಾರಕ್ಕೊಂದು ಸಂಜೆ ಎಂಟರವರೆಗೆ ಹೊರರೋಗಿ ವಿಭಾಗವನ್ನು ತೆರೆದಿಡಬೇಕೆಂದು ತಮ್ಮಲ್ಲಿ ಕೋರುತ್ತೇವೆ.