ತಾಳೆಗರಿಯ ಕಟ್ಟು: ಮೂರು ಕಂತುಗಳ ಕಥೆ

ಕಂತು 1

ಮೈಸೂರಿನ ಓರಿಯಂಟಲ್ ಲೈಬ್ರರಿ. ಇಪ್ಪತ್ತನೆಯ ಶತಮಾನ ಈಗಷ್ಟೇ ಕಣ್ಣು ಬಿಟ್ಟಿದೆ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ಗ್ರಂಥಾಲಯಕ್ಕೆ ಒಪ್ಪಿಸುತ್ತಾರೆ. ಅವರ ಹೆಸರನ್ನು ನಾನು ಮೂರನೆಯ ಕಂತಿನವರೆಗೆ ಹೇಳುವುದಿಲ್ಲ. ಏಕೆಂಬುದು ಅಲ್ಲಿಯೇ ತಿಳಿಯುತ್ತದೆ.

ಕಟ್ಟು ಗ್ರಂಥಪಾಲಕರಾದ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಕೈ ಸೇರುತ್ತದೆ. ತಮಿಳುನಾಡಿನಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥ ಎಂಬ ಲಿಪಿ, ಸಂಸ್ಕೃತ ಭಾಷೆ. ಗರಿಯ ನಂತರ ಗರಿ ತಿರುವಿದಂತೆ ಅವರಿಗೆ ಅರ್ಥವಾಗುತ್ತದೆ: ದಂಡಿಯಂಥ ಕವಿ ಹೆಸರಿಸಿದ್ದ, ಎಷ್ಟೋ ಜನ ಉಲ್ಲೇಖಿಸಿದ್ದ, ವಿದ್ವಾಂಸರು ಕಳೆದೇಹೋಯಿತೆಂದು ನಂಬಿದ್ದ ಪುಸ್ತಕ ಇದು. ಬರೆದವನ ಹೆಸರೂ ಗರಿಯಲ್ಲೇ ಇದೆ. ಆ ಹೆಸರು…

ಕಂತು 2

ಕೌಟಿಲ್ಯ. ಪುಸ್ತಕ ಅರ್ಥಶಾಸ್ತ್ರ.

ಹದಿನೈದು ಅಧಿಕರಣಗಳು. ಗೂಢಚಾರರು, ಕೋಟೆಗಳು, ಆನೆಗಳು ಇವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಸಣ್ಣ ಸಂಗತಿಗಳು. ಮಂತ್ರಿಗೆ ವರ್ಷಕ್ಕೆ 48,000 ಪಣ ಸಂಬಳ, ಕೆಳಗಿನ ಆಳುಗಳಿಗೆ 60. ಗುರುತಿನ ಮುದ್ರೆ ಇಲ್ಲದ ಬಟ್ಟೆಯನ್ನು ಅಗಸ ತೊಟ್ಟರೆ ಮೂರು ಪಣ ದಂಡ! ಎರಡು ಸಾವಿರ ವರ್ಷಗಳ ಹಿಂದೆ ಯಾರೋ ಇದಕ್ಕೂ ಲೆಕ್ಕ ಬರೆದಿಟ್ಟಿದ್ದಾರೆ.

ಶಾಮಶಾಸ್ತ್ರಿಗಳು ಇಂಗ್ಲಿಷ್ ಅನುವಾದವನ್ನು 1905ರಿಂದ ಪತ್ರಿಕೆಗಳಲ್ಲಿ ಕಂತು ಕಂತಾಗಿ ಪ್ರಕಟಿಸಿದರು. 1909ರಲ್ಲಿ ಮೂಲ ಅಚ್ಚಾಯಿತು. ಯುರೋಪಿನ ಪಂಡಿತರು ಓದಿ ಬೆರಗಾದರು. ಆದರೆ ಮೈಸೂರಿನ ಪ್ರತಿಯಲ್ಲಿ ತಪ್ಪುಗಳಿದ್ದವು. ತಿದ್ದಬೇಕೆಂದರೆ ಪಕ್ಕದಲ್ಲಿ ಇಟ್ಟು ನೋಡಲು ಇನ್ನೊಂದು ಪ್ರತಿ ಬೇಕು. ಅದು ಲೋಕದಲ್ಲಿ ಎಲ್ಲಾದರೂ ಉಳಿದಿತ್ತೇ?

ಕಂತು 3

ಉಳಿದಿತ್ತು! ಒಂದಲ್ಲ, ಹಲವು. ತಿರುವನಂತಪುರದಲ್ಲಿ ಗಣಪತಿ ಶಾಸ್ತ್ರಿಗಳು ಬೇರೆ ಪ್ರತಿಗಳನ್ನು ಹೋಲಿಸಿ, ತಮ್ಮದೇ ಟೀಕೆಯೊಂದಿಗೆ 1924ರಿಂದ ಹೊಸ ಆವೃತ್ತಿ ಹೊರತಂದರು. ಅಷ್ಟರಲ್ಲಿ, 1915ರಲ್ಲೇ, ಶಾಮಶಾಸ್ತ್ರಿಗಳ ಪೂರ್ಣ ಅನುವಾದ ಪುಸ್ತಕವಾಗಿ ಬಂದಿತ್ತು.

ಬರೆದವನು ನಿಜಕ್ಕೂ ಚಂದ್ರಗುಪ್ತನ ಮಂತ್ರಿಯೇ? ಜರ್ಮನಿಯ ಯಾಕೋಬಿ ಹೌದೆಂದರು, ಯೋಲಿ ಅಲ್ಲವೆಂದರು. ಆ ಜಗಳ ಇಂದಿಗೂ ಮುಗಿದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಮಾತ್ರ ಇನ್ನೊಂದು ಹೆಸರು.

ಆ ಕಟ್ಟನ್ನು ತಂದವರು ಯಾರು? ಮೊದಲ ಕಂತಿನಲ್ಲಿ ಕೊಟ್ಟ ಮಾತನ್ನು ಈಗ ತೀರಿಸುತ್ತೇನೆ. ಅನುವಾದದ ಮುನ್ನುಡಿಯಲ್ಲಿ ಶಾಮಶಾಸ್ತ್ರಿಗಳು ಅವರನ್ನು ಕರೆದಿರುವುದು ಹೀಗೆ: ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು.

ಅಷ್ಟೇ. ಹೆಸರಿಲ್ಲ.