ಗುಡ್‌ವಿಲ್ ದುಡ್ಡು ಯಾರಿಗೆ? ಹೊಸ ಪಾಲುದಾರರ ಸೇರ್ಪಡೆ: ಅಭ್ಯಾಸದ ಲೆಕ್ಕಗಳು

ದ್ವಿತೀಯ ಪಿಯುಸಿ, ಲೆಕ್ಕಶಾಸ್ತ್ರ. ಜಯನಗರದ ಭಾನುವಾರದ ಕ್ಲಾಸಿಗೆ.

ಹೋದ ವಾರದ ಟೆಸ್ಟಿನಲ್ಲಿ ಅರ್ಧ ಕ್ಲಾಸು ಒಂದೇ ಕಡೆ ಎಡವಿದೆ. ಹೊಸಬರು ತಂದ ಗುಡ್‌ವಿಲ್ ದುಡ್ಡನ್ನು ಕಣ್ಣು ಮುಚ್ಚಿ ಹಳೆಯ ಅನುಪಾತದಲ್ಲಿ ಹಂಚಿದ್ದೀರಿ. ಆ ದುಡ್ಡು ಲಾಭದ ಪಾಲು ಬಿಟ್ಟುಕೊಟ್ಟವರಿಗೆ ಸಿಗುವ ಪರಿಹಾರ. ಹಾಗಾಗಿ ಇದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡೇ ಶುರು ಮಾಡಿ:

ತ್ಯಾಗ = ಹಳೆಯ ಪಾಲು − ಹೊಸ ಪಾಲು

ಪ್ರಶ್ನೆ 1. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಗಿರೀಶ ಮತ್ತು ಮಹೇಶ 3:2 ಅನುಪಾತದ ಪಾಲುದಾರರು. ಸವಿತಾ ಸೇರುತ್ತಾಳೆ. ಹೊಸ ಅನುಪಾತ 5:3:2. ಸಂಸ್ಥೆಯ ಗುಡ್‌ವಿಲ್ ರೂ. 3,00,000. ಸವಿತಾ ಬಂಡವಾಳವಾಗಿ ರೂ. 2,00,000 ಮತ್ತು ತನ್ನ ಪಾಲಿನ ಗುಡ್‌ವಿಲ್ ಅನ್ನು ನಗದಾಗಿ ತರುತ್ತಾಳೆ. ಜರ್ನಲ್ ನಮೂದು ಬರೆಯಿರಿ.

*ಉತ್ತರ:* ಸವಿತಾಳ ಪಾಲು 2/10, ಅಂದರೆ ರೂ. 60,000.
ಗಿರೀಶ: 6/10 − 5/10 = 1/10
ಮಹೇಶ: 4/10 − 3/10 = 1/10

ತ್ಯಾಗದ ಅನುಪಾತ 1:1. ನೋಡಿ, ಗಿರೀಶನ ಪಾಲು ದೊಡ್ಡದಿತ್ತು, ಆದರೆ ಇಬ್ಬರೂ ಬಿಟ್ಟುಕೊಟ್ಟಿದ್ದು ಸಮ. ಟೆಸ್ಟಿನಲ್ಲಿ ನೀವು ಬರೆದ 36,000 ಮತ್ತು 24,000 ಇಲ್ಲಿಯೇ ತಪ್ಪಿದ್ದು.

ನಗದು ಖಾತೆ ಡೆಬಿಟ್ 2,60,000
ಸವಿತಾ ಬಂಡವಾಳ ಖಾತೆಗೆ 2,00,000
ಗುಡ್‌ವಿಲ್ ಪ್ರೀಮಿಯಂ ಖಾತೆಗೆ 60,000

ಗುಡ್‌ವಿಲ್ ಪ್ರೀಮಿಯಂ ಖಾತೆ ಡೆಬಿಟ್ 60,000
ಗಿರೀಶನ ಬಂಡವಾಳ ಖಾತೆಗೆ 30,000
ಮಹೇಶನ ಬಂಡವಾಳ ಖಾತೆಗೆ 30,000

ಪ್ರಶ್ನೆ 2. ಅದೇ ಲೆಕ್ಕ. ಆದರೆ ಸವಿತಾ ಗುಡ್‌ವಿಲ್‌ಗೆ ತಂದಿದ್ದು ರೂ. 25,000 ಮಾತ್ರ. ಆಗ?

*ಉತ್ತರ:* ಬಾಕಿ 35,000 ಮಾಯವಾಗುವುದಿಲ್ಲ. ಪ್ರೀಮಿಯಂ ಖಾತೆ 25,000 ಡೆಬಿಟ್, ಸವಿತಾಳ ಚಾಲ್ತಿ ಖಾತೆ 35,000 ಡೆಬಿಟ್. ಗಿರೀಶ, ಮಹೇಶರಿಗೆ ಮೊದಲಿನ ಹಾಗೆಯೇ ತಲಾ 30,000 ಕ್ರೆಡಿಟ್. ಅವಳು ಆ ಹಣವನ್ನು ಖಾಸಗಿಯಾಗಿ ಇಬ್ಬರ ಕೈಗೇ ಕೊಟ್ಟಿದ್ದರೆ ಸಂಸ್ಥೆಯ ಪುಸ್ತಕದಲ್ಲಿ ನಮೂದೇ ಇಲ್ಲ. ಒಂದು ಮಾರ್ಕಿನ ಪ್ರಶ್ನೆಗೆ ಇದು ಅಚ್ಚುಮೆಚ್ಚು.

ಪ್ರಶ್ನೆ 3. ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಮಾರುವ ನಾಗರಾಜ ಮತ್ತು ಮುನೀರ್ 3:2 ಪಾಲುದಾರರು. ಲತಾ ಸೇರಿದ ಮೇಲೆ ಹೊಸ ಅನುಪಾತ 3:5:2. ಗುಡ್‌ವಿಲ್ ಮೌಲ್ಯ ರೂ. 2,00,000. ಲತಾ ತನ್ನ ಪಾಲು ತಂದಿದ್ದಾಳೆ. ಆಸ್ತಿ–ಹೊಣೆ ಪಟ್ಟಿಯಲ್ಲಿ ಮೊದಲೇ ರೂ. 45,000 ಗುಡ್‌ವಿಲ್ ಇದೆ.

*ಉತ್ತರ:* ಮೊದಲು ಹಳೆಯ 45,000 ಅಳಿಸಿ. ಅದು ಹಳಬರದ್ದೇ, ಹಾಗಾಗಿ ಹಳೆಯ ಅನುಪಾತ. ನಾಗರಾಜನಿಗೆ 27,000, ಮುನೀರ್‌ಗೆ 18,000 ಡೆಬಿಟ್, ಗುಡ್‌ವಿಲ್ ಖಾತೆಗೆ ಕ್ರೆಡಿಟ್. ಲತಾಳನ್ನು ಇದಕ್ಕೆ ಎಳೆಯಬೇಡಿ.

ಈಗ ತ್ಯಾಗ. ನಾಗರಾಜ 6/10 − 3/10 = 3/10. ಮುನೀರ್ 4/10 − 5/10, ಮೈನಸ್ 1/10. ಮೈನಸ್ ಬಂತು ಅಂತ ಗಾಬರಿ ಬೇಡ, ಲೆಕ್ಕ ಸರಿಯಿದೆ. ಮುನೀರ್ ಬಿಟ್ಟುಕೊಡಲಿಲ್ಲ, ಪಡೆದುಕೊಂಡ. ಪಡೆದವನೂ ದುಡ್ಡು ಕೊಡಬೇಕು ಅಲ್ವಾ? ಲತಾಳ 40,000 ಪ್ರೀಮಿಯಂ ಡೆಬಿಟ್, ಮುನೀರ್ ಬಂಡವಾಳ ಖಾತೆ 20,000 ಡೆಬಿಟ್, ನಾಗರಾಜನಿಗೆ ಒಟ್ಟು 60,000 ಕ್ರೆಡಿಟ್. ತಾಳೆ ನೋಡಿ: 2,00,000ದ 3/10 ಅಷ್ಟೇ ಆಗುತ್ತದೆ.

ಹೊಸ ಗುಡ್‌ವಿಲ್ ಅನ್ನು ಪುಸ್ತಕಕ್ಕೆ ಏರಿಸಬಹುದಾ ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಿತ್ತು. ಇಲ್ಲ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಸ್ಥೆ ತಾನೇ ಗಳಿಸಿದ ಗುಡ್‌ವಿಲ್ ಆಸ್ತಿಯಾಗಿ ದಾಖಲಾಗುವುದಿಲ್ಲ. ದುಡ್ಡು ಕೊಟ್ಟು ಕೊಂಡದ್ದು ಮಾತ್ರ.

ಪ್ರಶ್ನೆ 4. ಮಲ್ಲೇಶ್ವರದ ಕಾಫಿಪುಡಿ ಅಂಗಡಿಯಲ್ಲಿ ಪದ್ಮಾ ಮತ್ತು ಶಿವು ಸಮಪಾಲುದಾರರು. ಬಂಡವಾಳ ರೂ. 4,00,000 ಮತ್ತು 3,00,000. ಮೀಸಲು ನಿಧಿ, ಹಂಚದ ಲಾಭ ಏನೂ ಇಲ್ಲ. ಅನಿಲ 1/4 ಪಾಲಿಗೆ ರೂ. 3,00,000 ಬಂಡವಾಳ ತರುತ್ತಾನೆ, ಗುಡ್‌ವಿಲ್‌ಗೆ ಬೇರೆ ಹಣ ತಂದಿಲ್ಲ. ಗುಡ್‌ವಿಲ್ ಎಷ್ಟೆಂದು ಪ್ರಶ್ನೆ ಹೇಳಿಲ್ಲ.

*ಉತ್ತರ:* ಅದು ಅಡಗಿ ಕುಳಿತಿದೆ. 1/4ಕ್ಕೆ 3,00,000 ಅಂದರೆ ಇಡೀ ಸಂಸ್ಥೆಗೆ 12,00,000 ಆಗಬೇಕು. ನಿಜವಾಗಿ ಇರುವುದು 4 + 3 + 3 = 10,00,000. ವ್ಯತ್ಯಾಸ 2,00,000 ಗುಪ್ತ ಗುಡ್‌ವಿಲ್. ಕೂಡುವಾಗ ಅನಿಲನ 3,00,000 ಬಿಟ್ಟರೆ ಲೆಕ್ಕ ಪೂರ್ತಿ ಹಾಳು.

ಅನಿಲನ ಪಾಲು 50,000. ಹಳಬರ ನಡುವೆ ಅನುಪಾತ ಬದಲಾಯಿತೆಂದು ಪ್ರಶ್ನೆ ಹೇಳಿಲ್ಲ, ಹಾಗಾಗಿ ತ್ಯಾಗವೂ ಸಮ. ಅನಿಲನ ಚಾಲ್ತಿ ಖಾತೆ ಡೆಬಿಟ್ 50,000. ಪದ್ಮಾ, ಶಿವು ತಲಾ 25,000 ಕ್ರೆಡಿಟ್.

ಪ್ರಶ್ನೆ 5 (ಮನೆಗೆ). ಪ್ರಶ್ನೆ 4ರಲ್ಲಿ ರೂ. 80,000 ಸಾಮಾನ್ಯ ಮೀಸಲು ನಿಧಿ ಇದೆ ಅಂದುಕೊಳ್ಳಿ. ಗುಪ್ತ ಗುಡ್‌ವಿಲ್ ಎಷ್ಟು? ಉತ್ತರ 1,20,000 ಬರಬೇಕು. ಹೇಗೆ ಬಂತು ಅನ್ನುವುದನ್ನು ಮುಂದಿನ ಭಾನುವಾರ ಬೋರ್ಡಿನ ಮೇಲೆ ತೋರಿಸಬೇಕು.